ಶ್ರವಣಪರೀಕ್ಷೆಯಲ್ಲಿ ಅಭಿಪ್ರಾಯಗಳ ಹೊಂದಾಣಿಕೆ

ಕೇಂಬ್ರಿಡ್ಜಿನ ಬಿ-2 ಫಸ್ಟ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ, ಶ್ರವಣಪತ್ರಿಕೆಯ ಮೂರನೆಯ ಭಾಗವು ಹೊಂದಾಣಿಕೆಯ ಪ್ರಶ್ನೆಯಾಗಿದೆ. 5 ಮಂದಿ ಒಂದೇ ವಿಷಯವನ್ನು ಕುರಿತು ತಲಾ ಸುಮಾರು ಅರ್ಧ ನಿಮಿಷ ಮಾತನಾಡುತ್ತಾರೆ. ಅಭ್ಯರ್ಥಿಯು 8 ಆಯ್ಕೆಗಳಲ್ಲಿ ಒಬ್ಬೊಬ್ಬರಿಗೂ ಸಲ್ಲುವ ಒಂದೊಂದನ್ನು ಗುರುತಿಸಬೇಕು, 3 ಮಿಗುತ್ತವೆ. ಧ್ವನಿಮುದ್ರಣವನ್ನು 2 ಬಾರಿ ಕೇಳಿಸುತ್ತಾರೆ.

ಪ್ರತಿಯೊಬ್ಬ ಭಾಷಕನೂ ತನ್ನದಲ್ಲದ ಆಯ್ಕೆಗಳನ್ನೂ ಪ್ರಸ್ತಾಪಿಸುವುದೇ ಇಲ್ಲಿನ ತೊಡಕು. ಇದು ಉದ್ದೇಶಪೂರ್ವಕವಾದ ರಚನೆ. ಹಾಗಿಲ್ಲದಿದ್ದರೆ ಒಂದು ಪದವನ್ನು ಹಿಡಿದವನೂ ಅರ್ಥವನ್ನು ಗ್ರಹಿಸಿದವನೂ ಸಮನಾಗಿಬಿಡುವರು.

ವಿವರಣೆಗಾಗಿ ನಾವೇ ರಚಿಸಿದ ಒಂದು ಭಾಷಣವನ್ನು ಕನ್ನಡದಲ್ಲಿ ಕೊಡುತ್ತೇವೆ. ಈ ಬಡಾವಣೆಯನ್ನು ಆರಿಸಲು ಮುಖ್ಯ ಕಾರಣವೇನೆಂಬುದು ಪ್ರಶ್ನೆ. ಕೆರೆಯ ಪರಿಸರ, ಕಡಿಮೆ ಬಾಡಿಗೆ, ಕಚೇರಿಯ ಸಾಮೀಪ್ಯ, ಬಂಧುಗಳ ನೆರವು ಎಂಬಿವು ಆಯ್ಕೆಗಳಲ್ಲಿ ಸೇರಿವೆಯೆನ್ನೋಣ.

“ಕಗ್ಗದಾಸಪುರಕ್ಕೆ ಬಂದದ್ದು ಕೆರೆಯನ್ನು ನೋಡಿ ಎಂದು ನನ್ನ ಹೆಂಡತಿ ಎಲ್ಲರಿಗೂ ಹೇಳುತ್ತಾಳೆ. ಬಾಡಿಗೆ ಕಡಿಮೆಯಿರಬಹುದೆಂದು ನಾನು ಎಣಿಸಿದ್ದೆ, ಹಾಗೇನೂ ಇರಲಿಲ್ಲ. ಕಚೇರಿ ಹತ್ತಿರವೇನೋ ಹೌದು, ಆದರೆ ರೈಲ್ವೆ ಗೇಟು ಹಾಕಿದರೆ ಹತ್ತಿರವೂ ದೂರವೇ. ಎರಡು ಬೀದಿಯಾಚೆ ಅಕ್ಕ ಇದ್ದಾಳೆ. ಮಗುವನ್ನು ಅವಳಲ್ಲಿ ಬಿಟ್ಟುಹೋಗುವ ಧೈರ್ಯವಿಲ್ಲದಿದ್ದರೆ ನಾವು ಹಲಸೂರನ್ನು ಬಿಡುತ್ತಲೇ ಇರಲಿಲ್ಲ.”

ಇಲ್ಲಿ ನಾಲ್ಕೂ ಆಯ್ಕೆಗಳ ಸುಳಿವುಂಟು. ಮೊದಲನೆಯದು ಪರರ ಅಭಿಪ್ರಾಯ. ಎರಡನೆಯದು ಹುಸಿಯಾದ ನಿರೀಕ್ಷೆ. ಮೂರನೆಯದು ಒಪ್ಪಿಕೊಂಡು ಒಡನೆಯೇ ತಗ್ಗಿಸಿದ ಮಾತು. ನಾಲ್ಕನೆಯದೇ ಉತ್ತರ. ‘ಬಂಧು’, ‘ನೆರವು’ ಎಂಬ ಶಬ್ದಗಳು ಭಾಷಣದಲ್ಲಿ ಬಂದೇ ಇಲ್ಲವೆಂಬುದನ್ನು ಗಮನಿಸಬೇಕು. ಆಯ್ಕೆಯ ಪದವೇ ಕಿವಿಗೆ ಬಿದ್ದಾಗ ಅನುಮಾನಿಸುವುದು ಲೇಸು.

ಕನ್ನಡ ವಿದ್ಯಾರ್ಥಿಗೆ ಮತ್ತೊಂದು ಕಷ್ಟವಿದೆ. ನಮ್ಮಲ್ಲಿ ‘ಎಂದು ಹೇಳುತ್ತಾಳೆ’ ಎಂಬುದು ಸಾಮಾನ್ಯವಾಗಿ ಅಭಿಪ್ರಾಯದ ಅನಂತರ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಬಹುಮಟ್ಟಿಗೆ ವಾಕ್ಯದ ಮೊದಲಿಗೇ ಬಂದು ಹೋಗಿರುತ್ತದೆ. ವಾಕ್ಯಾಂತ್ಯಕ್ಕೆ ಕಿವಿಗೊಡುವ ಅಭ್ಯಾಸವುಳ್ಳವನು ಆ ಮೊದಲ ಮಾತನ್ನು ಕಳೆದುಕೊಂಡು, ಹೆಂಡತಿಯ ಅಭಿಪ್ರಾಯವನ್ನು ಗಂಡನಿಗೆ ಆರೋಪಿಸುತ್ತಾನೆ. ‘ಆದರೆ’ ಎಂಬುದೂ ನಂಬತಕ್ಕ ಕುರುಹಲ್ಲ. “ಗೇಟಿನ ಕಾಟವುಂಟು, ಆದರೆ ಕಚೇರಿ ಹತ್ತಿರ” ಎಂದಿದ್ದರೆ ತೂಕವು ಕಚೇರಿಯ ಕಡೆಗೇ ವಾಲುತ್ತಿತ್ತು.

ಆದಕಾರಣ ಮೊದಲ ಶ್ರವಣದಲ್ಲಿ ಒಂದೇ ಉತ್ತರಕ್ಕೆ ಕಟ್ಟುಬೀಳದೆ, ಪ್ರಸ್ತಾಪಗೊಂಡ ಆಯ್ಕೆಗಳನ್ನೆಲ್ಲ ಆಯಾ ಭಾಷಕನ ಪಕ್ಕದಲ್ಲಿ ಗುರುತುಮಾಡಿಕೊಳ್ಳಬೇಕು. ಎರಡನೆಯ ಶ್ರವಣದಲ್ಲಿ ಪ್ರತಿಯೊಂದನ್ನೂ ‘ಇದು ಯಾರ ಮಾತು? ಇಂದಿಗೂ ನಿಂತಿದೆಯೇ? ಕೇಳಿದ ಪ್ರಶ್ನೆಗೆ ಉತ್ತರವೇ?’ ಎಂದು ಪರೀಕ್ಷಿಸಿ ಹೊಡೆದುಹಾಕಬೇಕು. ಒಂದು ಆಯ್ಕೆಯನ್ನು ಒಮ್ಮೆ ಮಾತ್ರ ಬಳಸಬಹುದಾದ್ದರಿಂದ, ಅವಸರದಲ್ಲಿ ಒಬ್ಬನಿಗೆ ತಪ್ಪಾಗಿ ಕೊಟ್ಟದ್ದು ಇನ್ನೊಬ್ಬನ ಸರಿಯುತ್ತರವನ್ನೂ ಕಸಿಯಬಲ್ಲುದು.

ಪ್ರಶ್ನೆಯನ್ನು ರಚಿಸುವ ಅಧ್ಯಾಪಕರಿಗೂ ಇದೇ ಒರೆಗಲ್ಲು. ತಪ್ಪು ಆಯ್ಕೆಯನ್ನು ತಳ್ಳಿಹಾಕಲು ಭಾಷಣದಲ್ಲಿಯೇ ಒಂದು ನಿರ್ದಿಷ್ಟ ಮಾತನ್ನು ತೋರಿಸಲಾಗದಿದ್ದರೆ, ದೋಷವು ವಿದ್ಯಾರ್ಥಿಯ ಕಿವಿಯದಲ್ಲ, ಪ್ರಶ್ನೆಯದು.