ಹಬ್ಬದ ಫಲಕದಲ್ಲಿ ಕನ್ನಡಕ್ಕೆ ಜಾಗ ಎಷ್ಟು?

ದೀಪಾವಳಿ ಸಮೀಪಿಸಿದಂತೆ ಅಕ್ಕಲಕೋಟೆಯಂತಹ ಗಡಿಪಟ್ಟಣಗಳಲ್ಲಿ ಚಿನ್ನಬೆಳ್ಳಿ ವ್ಯಾಪಾರಿಗಳ ಶುಭಾಶಯ ಫಲಕಗಳು ರಸ್ತೆಯಂಚಿನಲ್ಲಿ ಮೇಲೇಳುತ್ತವೆ. ಕನ್ನಡ ಬಲ್ಲ ಗಿರಾಕಿಗಳು ಸಾಕಷ್ಟಿದ್ದರೂ ಅನೇಕ ಫಲಕಗಳಲ್ಲಿ ಕನ್ನಡದ ಸಾಲು ಇರುವುದಿಲ್ಲ. ಕಾರಣ ಕೇಳಿದರೆ, "ಎರಡು ಭಾಷೆಗೆ ಜಾಗ ಸಾಲದು" ಎಂಬ ಉತ್ತರ ಬರುತ್ತದೆ. ಇದು ನಿಜವೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು.

ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಫ್ಲೆಕ್ಸ್ ಫಲಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಹೋಗುತ್ತದೆ. ಫಲಕ ತೀರ ಹತ್ತಿರ ಬಂದಾಗ ಅದು ಪಕ್ಕಕ್ಕೆ ಸರಿದುಬಿಡುವುದರಿಂದ ಕೊನೆಯ ಹದಿನೈದು ಮೀಟರುಗಳು ಓದಿಗೆ ಒದಗುವುದಿಲ್ಲ. ಅಕ್ಷರದ ಎತ್ತರದ ಒಂದೊಂದು ಅಂಗುಲಕ್ಕೂ ಹತ್ತು ಅಡಿ ದೂರದಿಂದ ಸಲೀಸಾಗಿ ಓದಬಹುದು ಎಂಬುದು ಫಲಕ ರಚಿಸುವವರು ಪಾಲಿಸುವ ಸ್ಥೂಲ ನಿಯಮ.

ಈಗ ರೂಢಿಯ ಬರಹವನ್ನು ನೋಡಿ: "ನಮ್ಮ ಸಮಸ್ತ ಗ್ರಾಹಕರಿಗೆ ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು." ಇದನ್ನು ಎರಡು ಸಾಲು ಮಾಡಿದರೂ ಎರಡನೆಯ ಸಾಲಿನಲ್ಲಿಯೇ ಹದಿನಾರು ಅಕ್ಷರಗಳಿವೆ. ಅರ್ಕಾವೊತ್ತು ಮತ್ತು ಪದಗಳ ನಡುವಿನ ತೆರಪು ಸೇರಿದರೆ ಹದಿನೆಂಟು ಅಕ್ಷರಗಳ ಜಾಗ ಬೇಕು. ಕನ್ನಡದ ಅಕ್ಷರ ತನ್ನ ಎತ್ತರಕ್ಕಿಂತ ತುಸು ಹೆಚ್ಚು ಅಗಲವಾಗಿರುವುದರಿಂದ, ಅಂಚುಗಳನ್ನು ಬಿಟ್ಟು ಉಳಿಯುವ 220 ಅಂಗುಲಗಳಲ್ಲಿ ಅಕ್ಷರದ ಎತ್ತರ ಹತ್ತು ಅಂಗುಲವನ್ನು ಮೀರಲಾರದು. ಅಂದರೆ ಅದು ಓದಲು ಸಿಗುವುದು ನೂರು ಅಡಿ, ಸುಮಾರು ಮೂವತ್ತು ಮೀಟರ್ ದೂರದಿಂದ. ಹದಿನೈದು ಮೀಟರ್ ಕಳೆದರೆ ಓದುಗನಿಗೆ ದಕ್ಕುವುದು ಒಂದೂವರೆ ಸೆಕೆಂಡಿಗೂ ಕಡಿಮೆ ಸಮಯ. ಅಷ್ಟರಲ್ಲಿ ಏಳು ಪದಗಳನ್ನು ಓದುವುದು ಅಸಾಧ್ಯ.

ಇದರ ಬದಲು "ದೀಪಾವಳಿ ಶುಭಾಶಯ" ಎಂದಷ್ಟೇ ಬರೆದರೆ ಎಂಟೇ ಅಕ್ಷರಗಳು. ಅದೇ ಅಗಲದಲ್ಲಿ ಅಕ್ಷರದ ಎತ್ತರ 21 ಅಂಗುಲಕ್ಕೆ ಏರುತ್ತದೆ; 210 ಅಡಿ ದೂರದಿಂದಲೇ ಓದಲು ಬರುತ್ತದೆ; ನಾಲ್ಕು ಸೆಕೆಂಡಿಗೂ ಹೆಚ್ಚು ಸಮಯ ಸಿಗುತ್ತದೆ. ಮತ್ತೊಂದು ಲಾಭವೂ ಇದೆ. ಹಿಂದಿನ ಬರಹದ ಮ್ಮ, ಸ್ತ, ಗ್ರಾ, ಬ್ಬ ಎಂಬ ಒತ್ತಕ್ಷರಗಳು ಸಾಲಿನ ಕೆಳಗೆ ಹೆಚ್ಚಿನ ಜಾಗವನ್ನು ಬೇಡುತ್ತವೆ. ಹೊಸ ಸಾಲಿನಲ್ಲಿ ಒತ್ತಕ್ಷರವೇ ಇಲ್ಲ. ಆದಕಾರಣ ಗುಡಿಸು, ತೆರಪು ಎಲ್ಲ ಸೇರಿ ಅದಕ್ಕೆ ಮೂವತ್ತು ಅಂಗುಲ ಎತ್ತರ ಸಾಕು. "ಶುಭ ದೀಪಾವಲೀ" ಎಂಬ ದೇವನಾಗರಿಯ ಸಾಲಿಗೆ ಇನ್ನೊಂದು ಮೂವತ್ತು, ಅಂಗಡಿಯ ಹೆಸರಿಗೆ ನಲವತ್ತು. ಒಟ್ಟು ನೂರು ಅಂಗುಲ. ಫಲಕದ ಎತ್ತರ 120 ಅಂಗುಲ. ಜಾಗ ಸಾಲುವುದಷ್ಟೇ ಅಲ್ಲ, ಮಿಗುತ್ತದೆ.

ಜಾಗವನ್ನು ನಿಜವಾಗಿ ನುಂಗುವುದು ಬೇರೆಯವು: ಮಾಲೀಕರ ಭಾವಚಿತ್ರ, ನಾಲ್ಕಾರು ಆಭರಣಗಳ ಚಿತ್ರ, ವಿಳಾಸ, ಎರಡು ದೂರವಾಣಿ ಸಂಖ್ಯೆ. ವಾಹನದಲ್ಲಿ ಹೋಗುವವರು ಸಂಖ್ಯೆಯನ್ನು ಬರೆದುಕೊಳ್ಳಲಾರರು. ಹೆಸರಿನ ಪಕ್ಕದಲ್ಲಿ ಒಂದೇ ಒಂದು ಹಾರದ ಚಿತ್ರವಿದ್ದರೆ ವ್ಯಾಪಾರ ಯಾವುದೆಂದು ತಿಳಿಯುತ್ತದೆ.

ಬಣ್ಣದಲ್ಲಿಯೂ ಎಚ್ಚರ ಅಗತ್ಯ. ಚಿನ್ನದಂತೆ ಹೊಳೆಯಲೆಂದು ಅಕ್ಷರಕ್ಕೆ ತಿಳಿಯಿಂದ ಕಡುವಿಗೆ ಜಾರುವ ಬಣ್ಣ ಕೊಟ್ಟರೆ ಅದರ ಅಂಚು ಹಿನ್ನೆಲೆಯಲ್ಲಿ ಕರಗುತ್ತದೆ. ಕಡು ಕೆಂಪಿನ ಮೇಲೆ ಒಂದೇ ಬಗೆಯ ಹಳದಿ ಸ್ಪಷ್ಟವಾಗಿ ಕಾಣುತ್ತದೆ. ಅತಿ ದಪ್ಪ ಅಕ್ಷರವನ್ನು ಆರಿಸಿ ಅದಕ್ಕೆ ಮತ್ತೆ ಹೊರಗೆರೆ ಹಾಕಿದರೆ "ಭಾ" ಎಂಬುದರ ಕೆಳಗಿನ ಸೀಳು ಮುಚ್ಚಿಹೋಗಿ, ದೂರದಿಂದ "ಶುಬಾಶಯ" ಎಂದು ಕಾಣುತ್ತದೆ.

ಇನ್ನು ಕಾನೂನಿನ ಅಂಜಿಕೆ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದಲ್ಲಿ ದೇವನಾಗರಿಯ ಮರಾಠಿ ಮೊದಲಿರಬೇಕು. ಬೇರೆ ಲಿಪಿಯ ಅಕ್ಷರಗಳಿಗಿಂತ ಅದು ಚಿಕ್ಕದಿರಬಾರದು. ಆದರೆ ಬೇರೆ ಭಾಷೆಯನ್ನು ಅದು ನಿಷೇಧಿಸುವುದಿಲ್ಲ. ಆ ನಿಯಮ ಹೇಳುವುದು ಅಂಗಡಿಯ ನಾಮಫಲಕವನ್ನು ಕುರಿತು. ಹಬ್ಬದ ಫಲಕದಲ್ಲಿಯೂ ಅದನ್ನೇ ಅನುಸರಿಸಿದರೆ ಆಕ್ಷೇಪಕ್ಕೆ ಎಡೆಯಿರದು. ಅಕೋಲಾ ಜಿಲ್ಲೆಯ ಪಾತೂರು ನಗರ ಪರಿಷತ್ತಿನ ಫಲಕದಲ್ಲಿ ಮರಾಠಿಯ ಜೊತೆ ಉರ್ದು ಇದ್ದುದನ್ನು ಪ್ರಶ್ನಿಸಿದ ಪ್ರಕರಣದಲ್ಲಿ, ಹೆಚ್ಚುವರಿ ಭಾಷೆಯ ಬಳಕೆಗೆ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ತೀರ್ಪಿತ್ತಿದೆ. ವ್ಯಾಪಾರಿ ಮರೆಯಬಾರದ ಸಂಗತಿ ಬೇರೆ: ಫಲಕ ನಿಲ್ಲಿಸಲು ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಪಡೆದಿರಬೇಕು.

ಮುದ್ರಣಕ್ಕೆ ಮುನ್ನ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ವಿನ್ಯಾಸವನ್ನು ಎಂಟು ಅಂಗುಲ ಅಗಲಕ್ಕೆ ಕಾಗದದ ಮೇಲೆ ಅಚ್ಚು ತೆಗೆಯಿರಿ. ಅದು ನಿಜವಾದ ಫಲಕದ ಮೂವತ್ತನೆಯ ಒಂದು ಪಾಲು. 210 ಅಡಿಯ ಮೂವತ್ತನೆಯ ಒಂದು ಪಾಲು ಏಳು ಅಡಿ. ನಾಲ್ಕನೆಯ ತರಗತಿಯ ಮಗುವನ್ನು ಏಳು ಅಡಿ ದೂರ ನಿಲ್ಲಿಸಿ, ಕಾಗದವನ್ನು ಎರಡು ಸೆಕೆಂಡು ತೋರಿಸಿ ಮರೆಮಾಡಿ, ಏನು ಬರೆದಿತ್ತೆಂದು ಕೇಳಿರಿ. ಹಬ್ಬದ ಹೆಸರು, ಅಂಗಡಿಯ ಹೆಸರು ಎರಡನ್ನೂ ಮಗು ಹೇಳಿದರೆ ಫಲಕ ಸಿದ್ಧವೆಂದು ತಿಳಿಯಬಹುದು. ಹೇಳದಿದ್ದರೆ ಇನ್ನೊಂದು ಪದವನ್ನೋ ಚಿತ್ರವನ್ನೋ ತೆಗೆಯಬೇಕು.