ಜಾಹೀರಾತಿಗೆ ಇನ್ನಷ್ಟು ಹಣ ಹಾಕಿದರೆ ಗ್ರಾಹಕರು ಎಷ್ಟು ಹೆಚ್ಚುತ್ತಾರೆ?

ಹುಬ್ಬಳ್ಳಿಯಲ್ಲಿ ಮನೆಗಳ ತಾರಸಿಗೆ ಸೋಲಾರ್ ಫಲಕ ಕೂರಿಸಿಕೊಡುವ ಒಂದು ಸಣ್ಣ ಕಂಪನಿ ಇದೆ ಎಂದುಕೊಳ್ಳೋಣ. ಗೂಗಲ್‌ನಲ್ಲಿ ಸೋಲಾರ್ ಹುಡುಕುವವರಿಗೆ ಅದು ಜಾಹೀರಾತು ತೋರಿಸುತ್ತದೆ. ಜಾಹೀರಾತು ಒತ್ತಿ ಬಂದು, ಫೋನ್ ನಂಬರ್ ಕೊಟ್ಟು ಹೋಗುವವರೇ ಅದರ ಪಾಲಿಗೆ ಲೀಡ್. ಜನವರಿಯಿಂದ ಮಾರ್ಚ್‌ವರೆಗೆ ಎಷ್ಟು ಲೀಡ್ ಬರಬಹುದು, ಎಷ್ಟು ಖರ್ಚಾಗಬಹುದು ಎಂದು ಮಾಲೀಕರು ಡಿಸೆಂಬರ್ ಕೊನೆಯಲ್ಲಿ ಲೆಕ್ಕ ಹಾಕಬೇಕು.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಲೆಕ್ಕ ಅವರ ಕೈಯಲ್ಲಿದೆ. ಜಾಹೀರಾತು 60,000 ಸಲ ಕಾಣಿಸಿಕೊಂಡಿದೆ. ಅದರಲ್ಲಿ ಶೇ. 5ರಷ್ಟು ಸಲ ಜನ ಕ್ಲಿಕ್ ಮಾಡಿದ್ದಾರೆ, ಅಂದರೆ 3,000 ಕ್ಲಿಕ್. ಕ್ಲಿಕ್‌ಗೆ ಸರಾಸರಿ 30 ರೂಪಾಯಿಯಂತೆ ಖರ್ಚು 90,000 ರೂಪಾಯಿ. ಕ್ಲಿಕ್ ಮಾಡಿದವರಲ್ಲಿ ಶೇ. 4ರಷ್ಟು ಮಂದಿ ನಂಬರ್ ಕೊಟ್ಟಿದ್ದರಿಂದ 120 ಲೀಡ್ ಸಿಕ್ಕಿವೆ. ಒಂದು ಲೀಡ್‌ಗೆ 750 ರೂಪಾಯಿ ಬಿದ್ದಿದೆ.

ಬಜೆಟ್ ಎರಡು ಪಟ್ಟು ಮಾಡಿದರೆ ಲೀಡ್ ಕೂಡ ಎರಡು ಪಟ್ಟಾಗುತ್ತದೆ ಎಂದು ಇಲ್ಲಿಂದಲೇ ಗುಣಿಸಿಬಿಡುವವರಿದ್ದಾರೆ. ಆದರೆ ಹುಡುಕುವವರು ಅಷ್ಟು ಮಂದಿ ಇದ್ದಾರೆಯೇ? ಇದಕ್ಕೆ ಉತ್ತರ ಕೊಡುವುದು ಇಂಪ್ರೆಷನ್ ಶೇರ್. ಜಾಹೀರಾತು ಕಾಣಿಸಿಕೊಳ್ಳಲು ಅರ್ಹತೆ ಇದ್ದ ಒಟ್ಟು ಸಂದರ್ಭಗಳಲ್ಲಿ ನಿಜವಾಗಿ ಎಷ್ಟು ಪಾಲು ಕಾಣಿಸಿತು ಎಂಬುದನ್ನು ಅದು ಹೇಳುತ್ತದೆ. ಈ ಕಂಪನಿಯ ಪಾಲು ಶೇ. 40. ಅಂದರೆ 60,000ವನ್ನು 0.40ರಿಂದ ಭಾಗಿಸಿದಾಗ ಬರುವ 1,50,000 ಸಂದರ್ಭಗಳೇ ಅದರ ಇಡೀ ಮಾರುಕಟ್ಟೆ.

ಮುಂದಿನ ಮೂರು ತಿಂಗಳ ಲೆಕ್ಕ ಶುರುವಾಗಬೇಕಾದದ್ದು ಈ ಸಂಖ್ಯೆಯಿಂದ. ಕಳೆದ ವರ್ಷಗಳ ದಾಖಲೆಯಲ್ಲಿ, ಬೇಸಿಗೆ ಹತ್ತಿರವಾಗುವ ಜನವರಿ–ಮಾರ್ಚ್‌ನಲ್ಲಿ ಈ ಒಟ್ಟು ಸಂದರ್ಭಗಳು ಹಿಂದಿನ ಮೂರು ತಿಂಗಳಿಗಿಂತ ಶೇ. 20ರಷ್ಟು ಹೆಚ್ಚಿದ್ದವು ಎನ್ನೋಣ. ಹಾಗಾದರೆ ಈ ಸಲದ ಅಂದಾಜು 1,80,000.

ಇನ್ನು, ಕೈತಪ್ಪಿದ ಶೇ. 60 ಎಲ್ಲಿ ಹೋಯಿತು? ಗೂಗಲ್ ಆಡ್ಸ್ ಅದನ್ನು ಎರಡು ಕಾಲಂಗಳಲ್ಲಿ ಬಿಡಿಸಿ ತೋರಿಸುತ್ತದೆ. "Search lost IS (budget)" ಎಂಬಲ್ಲಿ ಶೇ. 10 ಇದೆ. ಅದು ಬಜೆಟ್ ಸಾಲದೆ ತಪ್ಪಿದ ಪಾಲು. "Search lost IS (rank)" ಎಂಬಲ್ಲಿ ಶೇ. 50 ಇದೆ. ಅದು ಬಿಡ್ ಅಥವಾ ಜಾಹೀರಾತಿನ ಗುಣಮಟ್ಟ ಸಾಲದೆ ಹರಾಜಿನಲ್ಲಿ ಸೋತ ಪಾಲು. ಈ ಎರಡನ್ನೂ ಗಳಿಸಲು ತೆರಬೇಕಾದ ಬೆಲೆ ಒಂದೇ ಅಲ್ಲ.

ಮೊದಲನೆಯದಕ್ಕೆ ಬಜೆಟ್ ಏರಿಸಿದರೆ ಸಾಕು, ಬಿಡ್ ಮುಟ್ಟಬೇಕಿಲ್ಲ. ಹಾಗಾಗಿ ದರಗಳು ಹೆಚ್ಚುಕಡಿಮೆ ಹಿಂದಿನಂತೆಯೇ ಇರುತ್ತವೆ ಎಂದು ಹಿಡಿಯಬಹುದು. ಪಾಲು ಶೇ. 50 ಆದರೆ ಜಾಹೀರಾತು 90,000 ಸಲ ಕಾಣಿಸುತ್ತದೆ, 4,500 ಕ್ಲಿಕ್ ಬರುತ್ತವೆ, 180 ಲೀಡ್ ಸಿಗುತ್ತವೆ. ಖರ್ಚು 1,35,000 ರೂಪಾಯಿ.

ಅಲ್ಲಿಂದ ಶೇ. 60ಕ್ಕೆ ಹೋಗಬೇಕಾದರೆ ಬಿಡ್ ಏರಿಸಬೇಕು. ಹಿಂದೊಮ್ಮೆ ಬಿಡ್ ಏರಿಸಿದ ತಿಂಗಳಲ್ಲಿ ಕ್ಲಿಕ್ಕಿನ ಸರಾಸರಿ ಬೆಲೆ 36 ರೂಪಾಯಿಗೆ ಹೋಗಿತ್ತು ಎನ್ನೋಣ. ಉಳಿದ ದರಗಳು ಹಾಗೆಯೇ ಇದ್ದರೆ 5,400 ಕ್ಲಿಕ್, 216 ಲೀಡ್, 1,94,400 ರೂಪಾಯಿ ಖರ್ಚು. ಲೀಡ್‌ಗೆ ಸರಾಸರಿ 900 ರೂಪಾಯಿ ಎಂದು ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಹೆಚ್ಚುವರಿಯಾಗಿ ಬಂದದ್ದು 36 ಲೀಡ್, ಅದಕ್ಕೆ ಹೋದದ್ದು 59,400 ರೂಪಾಯಿ. ಅಂದರೆ ಹೊಸ ಲೀಡ್ ಒಂದಕ್ಕೆ 1,650 ರೂಪಾಯಿ. ಮೊದಲು 30 ರೂಪಾಯಿಗೆ ಸಿಗುತ್ತಿದ್ದ ಕ್ಲಿಕ್‌ಗಳಿಗೂ ಈಗ 36 ಕೊಡಬೇಕಾಗಿದ್ದರಿಂದ ಹೀಗಾಯಿತು. ಬಿಡ್ ಏರಿಸಬೇಕೇ ಎಂದು ತೀರ್ಮಾನಿಸಲು ನೋಡಬೇಕಾದದ್ದು ಈ 1,650 ಅನ್ನು.

ಹಳೆಯ ಅಂಕಿಗಳನ್ನು ಬಳಸುವಾಗ ಒಂದು ಎಚ್ಚರ ಬೇಕು. ಇಂದು ಕ್ಲಿಕ್ ಮಾಡಿದವರು ಮನೆಯವರೊಡನೆ ಮಾತಾಡಿ ಹತ್ತು ದಿನ ಬಿಟ್ಟು ನಂಬರ್ ಕೊಡಬಹುದು. ಗೂಗಲ್ ಆಡ್ಸ್‌ನ ಸಾಮಾನ್ಯ ಕಾಲಂ ಆ ಲೀಡ್ ಅನ್ನು ಕ್ಲಿಕ್ ಆದ ದಿನಕ್ಕೇ ಜಮಾ ಮಾಡುತ್ತದೆ. ಹಾಗಾಗಿ ಡಿಸೆಂಬರ್ ಕೊನೆಯ ವಾರಗಳ ಲೀಡ್ ದರ ಈಗ ಕಡಿಮೆ ಕಾಣಿಸಿ, ಜನವರಿಯಲ್ಲಿ ತಾನಾಗಿ ಏರುತ್ತದೆ. ಆ ವಾರಗಳನ್ನು ಬಿಟ್ಟು ದರ ಲೆಕ್ಕ ಹಾಕುವುದು ಒಳ್ಳೆಯದು.

180 ಎಂಬ ಅಂದಾಜನ್ನೂ ಒಂದೇ ಸಂಖ್ಯೆಯಾಗಿ ಹೇಳಬಾರದು. 3,000 ಕ್ಲಿಕ್‌ಗೆ 120 ಲೀಡ್ ಬಂದಿದ್ದರೆ, ಬರಿಯ ಆಕಸ್ಮಿಕದಿಂದಲೇ ಅದು 100 ಅಥವಾ 140 ಆಗಬಹುದಿತ್ತು. ಹಾಗಾಗಿ ನಿಜವಾದ ದರ ಶೇ. 3.3ರಿಂದ 4.7ರ ನಡುವೆ ಎಲ್ಲಾದರೂ ಇದ್ದೀತು. 4,500 ಕ್ಲಿಕ್‌ಗೆ ಅನ್ವಯಿಸಿದರೆ ಸುಮಾರು 150ರಿಂದ 210 ಲೀಡ್. ಫಲಕಗಳ ದಾಸ್ತಾನು, ಕೆಲಸಗಾರರ ಏರ್ಪಾಡು 150ಕ್ಕೂ 210ಕ್ಕೂ ಹೊಂದುವಂತಿರಬೇಕು.

ಜನವರಿ ಮುಗಿದಾಗ ಲೀಡ್ ಕಡಿಮೆ ಬಂದಿದ್ದರೆ ಒಂದೊಂದೇ ಅಂಕಿಯನ್ನು ಅಂದಾಜಿನ ಜೊತೆ ಹೋಲಿಸಬೇಕು. ಒಟ್ಟು ಸಂದರ್ಭಗಳೇ ಕುಗ್ಗಿದ್ದರೆ ಹುಡುಕುವವರು ಕಡಿಮೆಯಾಗಿದ್ದಾರೆ, ಅದಕ್ಕೆ ಬಜೆಟ್ ಏರಿಸಿ ಪ್ರಯೋಜನವಿಲ್ಲ. ಶೇರ್ ಮಾತ್ರ ಇಳಿದಿದ್ದರೆ ಪ್ರತಿಸ್ಪರ್ಧಿಗಳು ಬಿಡ್ ಏರಿಸಿರಬಹುದು. ಕ್ಲಿಕ್‌ಗಳು ಅಂದಾಜಿನಂತೆ ಬಂದು ಲೀಡ್ ಮಾತ್ರ ಕುಸಿದಿದ್ದರೆ, ವೆಬ್‌ಸೈಟಿನ ಫಾರ್ಮ್ ಕೆಲಸ ಮಾಡುತ್ತಿದೆಯೇ ಎಂದು ಅಂದೇ ತೆರೆದು ನೋಡಬೇಕು.