ಅನುಪಾತ ಸರಿ, ಅಂಕಿ ಸರಿಯೇ?

ಎಂಬಿಎ ಅಸೈನ್‌ಮೆಂಟ್‌ನಲ್ಲಿ ವಿದ್ಯಾರ್ಥಿಗಳು ಕಂಪನಿಯ ವಾರ್ಷಿಕ ವರದಿ ಹಿಡಿದು ಮೊದಲು ಲೆಕ್ಕ ಹಾಕುವುದರಲ್ಲಿ ಆಪರೇಟಿಂಗ್ ಮಾರ್ಜಿನ್ ಒಂದು. ವ್ಯವಹಾರದ ಲಾಭವನ್ನು ಆದಾಯದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅದು ಸಿಗುತ್ತದೆ.

ಸತ್ಯಂ ಕಂಪ್ಯೂಟರ್ಸ್ 2008ರ ಸೆಪ್ಟೆಂಬರ್ ತ್ರೈಮಾಸಿಕಕ್ಕೆ 2,700 ಕೋಟಿ ರೂಪಾಯಿ ಆದಾಯ, 649 ಕೋಟಿ ಲಾಭ ತೋರಿಸಿತ್ತು. ಅಂದರೆ ಮಾರ್ಜಿನ್ ಶೇ. 24. ಸಾಫ್ಟ್‌ವೇರ್ ಕಂಪನಿಗೆ ಇದು ಅಸಹಜವೇನಲ್ಲ. ಆದರೆ 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರದ ಪ್ರಕಾರ ನಿಜವಾದ ಆದಾಯ 2,112 ಕೋಟಿ, ಲಾಭ 61 ಕೋಟಿ. ಮಾರ್ಜಿನ್ ಶೇ. 3ಕ್ಕೆ ಕುಸಿಯಿತು.

ಲಾಭದ ಜೊತೆ ನಗದು ಹರಿವನ್ನು ಹೋಲಿಸುವುದು ಒಳ್ಳೆಯ ಪರೀಕ್ಷೆ. ಲಾಭ ಏರುತ್ತಿದ್ದರೂ ಹಣ ಬಾರದಿದ್ದರೆ ಅನುಮಾನಿಸಬೇಕು. ಸತ್ಯಂನಲ್ಲಿ ಬ್ಯಾಂಕ್ ಬಾಕಿಯೇ ಸುಳ್ಳಾಗಿತ್ತು. ಪುಸ್ತಕದಲ್ಲಿದ್ದ 5,361 ಕೋಟಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಇಂಥ ಕಡೆ ಆ ಪರೀಕ್ಷೆಯೂ ಸೋಲುತ್ತದೆ. ಲೆಕ್ಕಪರಿಶೋಧಕರು ಬ್ಯಾಂಕಿನಿಂದಲೇ ನೇರವಾಗಿ ಬಾಕಿ ದೃಢಪಡಿಸಿಕೊಳ್ಳಬೇಕು. ವಿದ್ಯಾರ್ಥಿಯಾದವರು ಇಷ್ಟೊಂದು ಹಣ ಸುಮ್ಮನೆ ಬ್ಯಾಂಕಿನಲ್ಲಿ ಏಕಿದೆ ಎಂದು ಕೇಳಬಹುದು.